ತೇರ್ಗಡೆಯಾಗದ ಗ್ಲಾಡಿಸ್ ಐಲ್ವರ್ಡ್

ಪರೀಕ್ಷೆಯಲ್ಲಿ ಅಂಕಗಳು ಕಡಿಮೆಯಾದುವೆಂದು ಎದೆಗುಂದಿರುವ ವಿದ್ಯಾರ್ಥಿನಿಯ ಮುಂದೆ ನಾವು ಒಬ್ಬ ಮನೆಗೆಲಸದಾಕೆಯ ಚರಿತ್ರೆಯನ್ನು ಇಡಬಯಸುತ್ತೇವೆ.

ಗ್ಲಾಡಿಸ್ ಐಲ್ವರ್ಡ್ ಎಂಬಾಕೆ 1902ರಲ್ಲಿ ಲಂಡನ್ನಿನ ಎಡ್ಮಂಟನ್ ಎಂಬಲ್ಲಿ ಹುಟ್ಟಿದಳು. ಚೀನಾದೇಶಕ್ಕೆ ಸೇವೆಗಾಗಿ ಹೋಗಬೇಕೆಂದು ಮಿಷನ್ ತರಬೇತಿ ಶಾಲೆಯನ್ನು ಸೇರಿದಳು. ಕೆಲವು ತಿಂಗಳುಗಳ ಪರೀಕ್ಷಾವಧಿ ಮುಗಿಯಲು, ಆಕೆಯ ಪಾಠಗಳು ತೃಪ್ತಿಕರವಾಗಿಲ್ಲವೆಂದೂ ಆ ವಯಸ್ಸಿನಲ್ಲಿ ಚೀನೀ ಭಾಷೆ ಆಕೆಗೆ ಬಾರದೆಂದೂ ಹಿರಿಯರು ತೀರ್ಮಾನಿಸಿ ಹಿಂದಕ್ಕೆ ಕಳುಹಿಸಿದರು.

ಆಕೆ ಮರಳಿ ಮನೆಗೆಲಸಕ್ಕೆ ನಿಂತಳು. ರೈಲುಪ್ರಯಾಣದ ಚೀಟಿಯ ಬೆಲೆಯನ್ನು ತನ್ನ ಸಂಬಳದಿಂದ ಕಂತುಕಂತಾಗಿ ಕಟ್ಟಿದಳು. 1932ರಲ್ಲಿ ಸೈಬೀರಿಯದ ಮಾರ್ಗವಾಗಿ ಹೊರಟು, ಷಾನ್ಸಿ ಪ್ರಾಂತದ ಯಾಂಗ್‌ಚೆಂಗಿನಲ್ಲಿದ್ದ ಜೀನಿ ಲಾಸನ್ ಎಂಬ ವೃದ್ಧೆಯನ್ನು ಸೇರಿದಳು. ಅವರಿಬ್ಬರೂ ಹೇಸರಗತ್ತೆ ಹೊಡೆಯುವವರಿಗಾಗಿ ಒಂದು ತಂಗುಮನೆಯನ್ನು ತೆರೆದರು.

ಇಲ್ಲಿ ನಾವು ಗಮನಿಸತಕ್ಕ ವಿಷಯವೊಂದುಂಟು. ಪುಸ್ತಕದಿಂದ ಬಾರದ ವಿದ್ಯೆ ಇಲ್ಲಿ ಕಿವಿಯಿಂದ ಬಂದಿತು. ದಿನವೂ ಅತಿಥಿಗಳೊಡನೆ ಮಾತನಾಡುತ್ತ ಆಕೆ ಆ ಸೀಮೆಯ ಆಡುನುಡಿಯನ್ನು ಕಲಿತಳು. ಹೆಣ್ಣುಮಕ್ಕಳ ಪಾದ ಕಟ್ಟುವ ಪದ್ಧತಿಯನ್ನು ನಿಲ್ಲಿಸಲು ಅಲ್ಲಿಯ ಅಧಿಕಾರಿಯು ಆಕೆಯನ್ನೇ ನೇಮಿಸಲು, ಹಳ್ಳಿಹಳ್ಳಿಗೂ ಹೋಗಿ ತಾಯಂದಿರಿಗೆ ಅವರ ನುಡಿಯಲ್ಲಿಯೇ ತಿಳಿಯಹೇಳಿದಳು. 1936ರಲ್ಲಿ ಚೀನಾದ ಪ್ರಜೆಯಾದಳು. 1940ರಲ್ಲಿ ಯುದ್ಧದ ನಡುವೆ ಸುಮಾರು ನೂರು ಮಕ್ಕಳನ್ನು ಬೆಟ್ಟಗಳ ದಾರಿಯಾಗಿ ಸುರಕ್ಷಿತ ಪ್ರದೇಶಕ್ಕೆ ಕರೆದೊಯ್ದಳು.

ಶಾಲೆಯವರು ಕಂಡುದು ಸುಳ್ಳಲ್ಲ. ಆಕೆಗೆ ಪುಸ್ತಕದ ಪಾಠ ಕಷ್ಟವೇ ಆಗಿತ್ತು. ಆದರೆ ಭಾಷೆ ಬಾರದೆಂದು ಅವರು ಮುಂದಕ್ಕೆ ಹೇಳಿದ ಮಾತು ಮಾತ್ರ ನಿಲ್ಲಲಿಲ್ಲ. ಅಂಕಪಟ್ಟಿಯನ್ನು ಓದುವ ತಾಯಿತಂದೆಗಳು ಈ ಎರಡನ್ನೂ ಬೇರ್ಪಡಿಸಿ ನೋಡುವರೆಂದು ನಂಬುತ್ತೇವೆ.