ಮುಚ್ಚಿಗೆಯ ಮೇಲೆ ಕರಕರ

"ಅಪ್ಪಯ್ಯ, ಮೇಲೆ ಏನೋ ಕೆರೀತಿದೆ" ಎಂದು ಐದನೇ ತರಗತಿಯ ಹುಡುಗ ಎಬ್ಬಿಸಿದಾಗ ರಾತ್ರಿ ಹನ್ನೊಂದು ಗಂಟೆ. ತೀರ್ಥಹಳ್ಳಿ ಕಡೆಯ ಹಂಚಿನ ಮನೆ. ಕೋಣೆಗೆ ಹಲಗೆಯ ಮುಚ್ಚಿಗೆ, ಅದರ ಮೇಲೆ ಅಟ್ಟ.

ಬಂದಿರುವ ಪ್ರಾಣಿ ಯಾವುದೆನ್ನುವುದಕ್ಕೆ ಹೊತ್ತೇ ಮೊದಲ ಸುಳಿವು. ಅಳಿಲು ಹಗಲಲ್ಲಿ ಓಡಾಡುತ್ತದೆ. ಕಬ್ಬೆಕ್ಕು ರಾತ್ರಿಯೇ ಬಂದರೂ ಅದರ ಭಾರಕ್ಕೆ ಹಲಗೆ ದಡಬಡ ಎನ್ನುತ್ತದೆ. ಇಲ್ಲಿ ಕೇಳುತ್ತಿದ್ದದ್ದು ಒಂದೇ ಕಡೆಯಿಂದ ಕರಕರ, ಸ್ವಲ್ಪ ಬಿಡುವು, ಮತ್ತೆ ಕರಕರ. ಅದು ಕೆರೆಯುವ ಸದ್ದಲ್ಲ, ಕಡಿಯುವ ಸದ್ದು.

ಆದರೆ ಯಾವ ಮೂಲೆಯಲ್ಲಿ? ಒಂದು ಹಲಗೆ ಅದುರಿದರೆ ಪಕ್ಕದವೂ ಅದುರುತ್ತವೆ, ಇಡೀ ಮುಚ್ಚಿಗೆಯೇ ಸದ್ದು ಮಾಡಿದಂತೆ ಕೇಳುತ್ತದೆ. ಅಪ್ಪ ಫ್ಯಾನು, ದೀಪ ಎರಡನ್ನೂ ಆರಿಸಿ ಮಗನನ್ನು ಬಾಗಿಲ ಬಳಿ ನಿಲ್ಲಿಸಿದ, ತಾನು ಕಿಟಕಿಯ ಬಳಿ ನಿಂತ. ಸದ್ದು ಬಂದಾಗ ಇಬ್ಬರೂ ತಮಗೆ ತೋಚಿದ ಜಾಗಕ್ಕೆ ಟಾರ್ಚ್ ಹಿಡಿಯಬೇಕು. ಮೊದಲ ಸಲ ಬೆಳಕಿನ ಎರಡು ವೃತ್ತಗಳು ಮಾರುದೂರ ಇದ್ದವು. ಬೆಳಕು ಬಿದ್ದೊಡನೆ ಸದ್ದು ನಿಲ್ಲುತ್ತಿತ್ತು, ಅದು ಮತ್ತೆ ಶುರುವಾಗಲು ಬಹಳ ಹೊತ್ತು ಉಸಿರು ಬಿಗಿಹಿಡಿದು ಕಾಯಬೇಕಿತ್ತು. ನಿಂತ ಜಾಗ ಬದಲಿಸುತ್ತ ಹೋದಂತೆ ಎರಡೂ ವೃತ್ತಗಳು ಒಂದೇ ಕಡೆ ಬಿದ್ದವು: ವಿದ್ಯುತ್ ತಂತಿ ಅಟ್ಟಕ್ಕೆ ಹತ್ತುವ ಮೂಲೆ.

ಅಪ್ಪ ಮೊದಲು ಮೇನ್ ಸ್ವಿಚ್ ಆರಿಸಿದ, ಆಮೇಲೆ ಏಣಿ ಹತ್ತಿದ. ಗೋಡೆಯಂಚಿಗೆ ತೆಳ್ಳಗೆ ಅಕ್ಕಿಹಿಟ್ಟು ಉದುರಿಸಿ ಇಳಿದ. ನಸುಕಿನಲ್ಲಿ ಮಗನನ್ನೂ ಹತ್ತಿಸಿಕೊಂಡು ನೋಡಿದರೆ ಹಿಟ್ಟಿನಲ್ಲಿ ಹೆಜ್ಜೆಗಳು. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು, ನಡುವೆ ಬಾಲ ಎಳೆದ ಗೆರೆ. ಇಲಿಯೇ. ಬಯಲಿಗಿಂತ ಗೋಡೆಗೆ ಮೈ ತಾಗಿಸಿಕೊಂಡು ಓಡುವುದು ಅದರ ರೂಢಿ. ತಂತಿಯ ಪ್ಲಾಸ್ಟಿಕ್ ಹೊದಿಕೆ ಸುಲಿದು ತಾಮ್ರ ಕಾಣುತ್ತಿತ್ತು.

ಇಲಿ ತಂತಿಯನ್ನು ಹಸಿವಿಗೆ ಕಡಿಯುವುದಲ್ಲ. ಅದರ ಬಾಚಿಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ. ಹಲ್ಲಿನ ಮುಂಭಾಗ ಗಟ್ಟಿ, ಹಿಂಭಾಗ ಮೆದು. ಹಿಂಭಾಗ ಬೇಗ ಸವೆಯುವುದರಿಂದ ತುದಿ ಉಳಿಯಂತೆ ಹರಿತವಾಗಿಯೇ ಉಳಿಯುತ್ತದೆ. ತಂತಿ ಬೆತ್ತಲಾದರೆ ಕಿಡಿ ಹಾರಬಹುದು, ಒಣಗಿದ ಅಟ್ಟಕ್ಕೆ ಅಷ್ಟೇ ಸಾಕು.

ಬಂದ ದಾರಿಯೂ ಸಿಕ್ಕಿತು. ಹೆಂಚಿನ ಕೆಳಗೆ ಹೆಬ್ಬೆರಳು ತೂರುವಷ್ಟು ಸಂದು, ಅದರ ಮೇಲೆ ಒರಗಿದ ಹಲಸಿನ ಕೊಂಬೆ. ಸಂದನ್ನು ಕೂಡಲೇ ಮುಚ್ಚಿದರೆ ಇಲಿ ಒಳಗೇ ಸತ್ತು ನಾರುತ್ತದೆ. ವಿಷ ಇಟ್ಟರೂ ಅದೇ ಗತಿ, ಜೊತೆಗೆ ಆ ಇಲಿಯನ್ನು ತಿಂದ ಗೂಬೆಗೂ ಅಪಾಯ. ಹಾಗಾಗಿ ಕೊಬ್ಬರಿ ಚೂರು ಸಿಕ್ಕಿಸಿದ ಬೋನನ್ನು ಗೋಡೆಯಂಚಿಗೇ ಇಟ್ಟರು. ಇಲಿ ಬಿದ್ದು, ಹೊಸದಾಗಿ ಉದುರಿಸಿದ ಹಿಟ್ಟಿನಲ್ಲಿ ಹೆಜ್ಜೆ ಮೂಡದಿದ್ದ ಮೇಲೆಯೇ ಸಂದಿಗೆ ಕಬ್ಬಿಣದ ಜಾಲರಿ, ಸಿಮೆಂಟು ಬಿತ್ತು. ಕೊಂಬೆಯನ್ನೂ ಕಡಿದರು.

ನಿಮ್ಮ ಮನೆಯ ಅಟ್ಟದಲ್ಲೂ ಇಲಿಯ ಹಿಕ್ಕೆ ಕಂಡರೆ ಒಣಗಿದ್ದಾಗ ಗುಡಿಸಬೇಡಿ. ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ ಒರೆಸಿ. ಇಲಿಜ್ವರ ಹರಡುವುದು ಅದರ ಮೂತ್ರದಿಂದ. ತಂತಿ ಕಡಿದಿದ್ದರೆ ಎಲೆಕ್ಟ್ರಿಷಿಯನ್ ಬಂದು ಬದಲಿಸುವವರೆಗೆ ಆ ಕೋಣೆಯ ಸ್ವಿಚ್ ಮುಟ್ಟಬೇಡಿ.