ಬಟ್ಟೆ ಮಾತ್ರ ಬದಲಾಗಬೇಕು, ಕಲ್ಲಿನ ರಥ ಬದಲಾಗಬಾರದು: ಇದಕ್ಕೆ ಯಾವ ಎಐ ಮಾಡೆಲ್ ಬೇಕು?

"ಯಾವ ಎಐ ಆದರೂ ಸಾಕು, ಫೋಟೋ ಹಾಕಿ, ಬಟ್ಟೆಯ ಮೇಲೆ ಬೆರಳಾಡಿಸಿ, ಬೇಕಾದ ಉಡುಗೆ ಬರೆಯಿರಿ, ಉಳಿದದ್ದೆಲ್ಲ ಇದ್ದ ಹಾಗೇ ಇರುತ್ತದೆ." ಇಂಥದ್ದೊಂದು ಫಾರ್ವರ್ಡ್ ಅನ್ನು ಕಂಪ್ಲಿಯ ಓದುಗರೊಬ್ಬರು ನಮಗೆ ಕಳಿಸಿ, ಇದು ನಿಜವೇ ಎಂದು ಕೇಳಿದ್ದರು. ಅರ್ಧ ನಿಜ. "ಯಾವ ಎಐ ಆದರೂ" ಮತ್ತು "ಇದ್ದ ಹಾಗೇ" ಎಂಬ ಎರಡು ಮಾತುಗಳಲ್ಲೇ ತೊಡಕಿರುವುದು. ಹಾಗಾಗಿ ನಾವೇ ಮಾಡಿ ನೋಡಿದೆವು.

ಫೋಟೋ ನಮ್ಮ ತಂಡದವರೊಬ್ಬರದ್ದೇ, ಅವರ ಒಪ್ಪಿಗೆಯಿಂದಲೇ ಬಳಸಿದ್ದು. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿ, ಕಲ್ಲಿನ ರಥದ ಮುಂದೆ, ಜೀನ್ಸ್ ಮತ್ತು ಚೌಕಳಿ ಅಂಗಿ ತೊಟ್ಟು, ಒಂದು ಕೈ ಸೊಂಟದ ಮೇಲಿಟ್ಟು ನಿಂತಿದ್ದಾರೆ. ಜೀನ್ಸ್ ಜಾಗದಲ್ಲಿ ರೇಷ್ಮೆ ಪಂಚೆ, ಅಂಗಿಯ ಜಾಗದಲ್ಲಿ ಬಿಳಿ ಜುಬ್ಬ ಬರಬೇಕು. ಮುಖ, ಕೈ, ರಥ ಯಾವುದೂ ಬದಲಾಗಬಾರದು. ಕೈ ಮತ್ತು ಸೊಂಟದ ನಡುವಿನ ಸಂದಿಯಲ್ಲಿ ರಥದ ಚಕ್ರದ ಒಂದು ತುಂಡು ಕಾಣುತ್ತದೆ. ಪರೀಕ್ಷೆ ಇದ್ದದ್ದೇ ಅಲ್ಲಿ.

ಚಿತ್ರದ ಒಂದು ಭಾಗವನ್ನು ಗುರುತು ಮಾಡಿ ಅಷ್ಟನ್ನೇ ಮತ್ತೆ ಬರೆಸುವುದಕ್ಕೆ ಇನ್‌ಪೇಂಟಿಂಗ್ ಎನ್ನುತ್ತಾರೆ. ಗುರುತು ಮಾಡಿದ ಭಾಗವೇ ಮಾಸ್ಕ್. ಸ್ಟೇಬಲ್ ಡಿಫ್ಯೂಷನ್ 1.5 ಎಂಬ ಹಳೆಯ, ಉಚಿತವಾಗಿ ಸಿಗುವ ಮಾಡೆಲ್‌ಗೆ ಎರಡು ರೂಪಗಳಿವೆ: ಒಂದು ಸಾಮಾನ್ಯ ಮಾಡೆಲ್, ಇನ್ನೊಂದು ಇನ್‌ಪೇಂಟಿಂಗ್‌ಗೆಂದೇ ಕಲಿಸಿದ sd-v1-5-inpainting.ckpt. ಮಾಸ್ಕ್ ಹಾಕಿ ಎರಡನ್ನೂ ಓಡಿಸಬಹುದು. ಅದಕ್ಕೇ ಜನ ಎರಡೂ ಒಂದೇ ಎಂದುಕೊಳ್ಳುವುದು.

ವ್ಯತ್ಯಾಸ ಒಳಗಿದೆ. ಇಂಥ ಮಾಡೆಲ್‌ಗಳು ಹಳೆಯ ಟಿವಿಯಲ್ಲಿ ಸಿಗ್ನಲ್ ಹೋದಾಗ ಕಾಣುತ್ತಿದ್ದಂಥ ಕಾಳುಕಾಳು ಗದ್ದಲದಿಂದ ಶುರುಮಾಡಿ, ಹಂತಹಂತವಾಗಿ ಅದನ್ನು ತಿಳಿಗೊಳಿಸುತ್ತ ಚಿತ್ರ ಬರೆಯುತ್ತವೆ. ಸಾಮಾನ್ಯ ಮಾಡೆಲ್‌ಗೆ ಮಾಸ್ಕ್ ಹಾಕಿದಾಗ ಸಾಫ್ಟ್‌ವೇರ್ ಒಂದು ಉಪಾಯ ಮಾಡುತ್ತದೆ. ಪ್ರತಿ ಹಂತದಲ್ಲೂ ಮಾಸ್ಕ್‌ನ ಹೊರಗಿನ ಭಾಗಕ್ಕೆ ಮೂಲ ಚಿತ್ರವನ್ನೇ, ಆ ಹಂತಕ್ಕೆ ತಕ್ಕಷ್ಟು ಗದ್ದಲ ಬೆರೆಸಿ, ಮತ್ತೆ ಅಂಟಿಸುತ್ತದೆ. ಅಂದರೆ ಮಾಡೆಲ್‌ಗೆ ಸುತ್ತಲಿನದು ಕಾಣುತ್ತದೆ, ಆದರೆ ಗದ್ದಲದ ಪರದೆಯ ಹಿಂದಿನಿಂದ. ಮೊದಮೊದಲ ಹಂತಗಳಲ್ಲಿ ಆ ಪರದೆ ತೀರಾ ದಪ್ಪ. ಪಂಚೆ ಎಲ್ಲಿ ಶುರುವಾಗಬೇಕು, ಭುಜ ಯಾವ ಕಡೆ ತಿರುಗಿದೆ ಎಂಬ ದೊಡ್ಡ ಆಕಾರಗಳು ತೀರ್ಮಾನವಾಗುವುದು ಮಾತ್ರ ಆ ಹಂತಗಳಲ್ಲೇ. ಪರದೆ ಸರಿದು ಸುತ್ತಲಿನದು ಸ್ಪಷ್ಟವಾಗುವ ಹೊತ್ತಿಗೆ ಆಕಾರ ಗಟ್ಟಿಯಾಗಿಬಿಟ್ಟಿರುತ್ತದೆ.

ಇನ್‌ಪೇಂಟಿಂಗ್ ಮಾಡೆಲ್‌ಗೆ ಮೊದಲ ಹಂತದಿಂದಲೇ ಎರಡು ವಿಷಯ ಹೆಚ್ಚುವರಿಯಾಗಿ ಸಿಗುತ್ತವೆ: ಮಾಸ್ಕ್ ಎಲ್ಲಿದೆ ಎಂಬ ನಕ್ಷೆ, ಮತ್ತು ಮಾಸ್ಕ್ ಜಾಗ ಖಾಲಿಬಿಟ್ಟ, ಗದ್ದಲವೇ ಇಲ್ಲದ ಮೂಲ ಚಿತ್ರ. ಸಾಮಾನ್ಯ ಮಾಡೆಲ್ ಒಳಗೆ ತೆಗೆದುಕೊಳ್ಳುವ ಪದರಗಳು 4 ಆದರೆ ಇದರದ್ದು 9. ಮೊದಲಿನ 4, ಖಾಲಿಬಿಟ್ಟ ಚಿತ್ರದ 4, ನಕ್ಷೆಯದ್ದು 1. ಈ 9 ಪದರಗಳನ್ನು ಬಳಸುವುದನ್ನು ಅದಕ್ಕೆ ಬೇಕೆಂತಲೇ ಕಲಿಸಲಾಗಿದೆ.

ಇದರ ಪರಿಣಾಮ ಕಣ್ಣಿಗೆ ಕಾಣುವುದು Denoising strength ಎಂಬ ಒಂದು ಗುಂಡಿಯಲ್ಲಿ. ಅದು 0ಯಿಂದ 1ರವರೆಗೆ ಹೋಗುತ್ತದೆ. ಹಳೆಯದನ್ನು ಎಷ್ಟು ಮರೆತು ಬರೆಯಬೇಕು ಎಂದು ಹೇಳುವ ಗುಂಡಿ ಅದು. ಸಾಮಾನ್ಯ ಮಾಡೆಲ್‌ನಲ್ಲಿ 0.4 ಇಟ್ಟಾಗ ರಥ, ಕೈ ಎಲ್ಲ ಸರಿಯಾಗಿದ್ದವು, ಆದರೆ ಜೀನ್ಸ್ ಜೀನ್ಸ್ ಆಗಿಯೇ ಉಳಿಯಿತು, ನೀಲಿಯೂ ಹೋಗಲಿಲ್ಲ. 1ಕ್ಕೆ ಏರಿಸಿದರೆ ಪಂಚೆ ಬಂತು, ಆದರೆ ಅದನ್ನು ಉಟ್ಟ ಸೊಂಟ ಬೇರೆ ಯಾರದ್ದೋ ಎಂಬಂತೆ ಪಕ್ಕಕ್ಕೆ ಸರಿದಿತ್ತು. ಸೊಂಟದ ಮೇಲಿದ್ದ ಕೈ ಗಾಳಿಯಲ್ಲಿ ನಿಂತಿತು. ನಡುವೆ 0.7ರ ಸುಮಾರಿಗೆ ಸ್ವಲ್ಪ ಹದ ಸಿಕ್ಕಿತಾದರೂ ಪಂಚೆಯ ಅಂಚಿನಲ್ಲಿ ನೀಲಿ ಛಾಯೆ ಉಳಿಯಿತು. ಇನ್‌ಪೇಂಟಿಂಗ್ ಮಾಡೆಲ್‌ನಲ್ಲಿ ಇದೇ ಮಾಸ್ಕ್‌ಗೆ ನೇರವಾಗಿ 1 ಇಟ್ಟೆವು. ಹಳೆಯ ಜೀನ್ಸ್‌ನ ನೆನಪೇ ಇಲ್ಲದ ಪಂಚೆ ಬಂತು, ಸೊಂಟ ಕೈಯಿದ್ದ ಜಾಗಕ್ಕೆ ಸರಿಯಾಗಿ ಕೂಡಿತು. ಉಡುಗೆಯ ಆಕಾರವೇ ಬದಲಾಗಬೇಕಾದಾಗ ಇದನ್ನೇ ಆರಿಸುವುದು ಈ ಕಾರಣಕ್ಕೆ. ಬರೀ ಬಣ್ಣ ಬದಲಾಗಬೇಕಿದ್ದರೆ ಎರಡೂ ಬೇಡ, ಫೋಟೋ ಎಡಿಟರ್‌ನ ಬಣ್ಣದ ಗುಂಡಿ ಸಾಕು.

ಮಾಸ್ಕ್‌ನಲ್ಲಿ ನಾವೂ ಎಡವಿದೆವು. ಮೊದಲ ಸಲ ಜೀನ್ಸ್‌ನ ಅಂಚಿಗೆ ಸರಿಯಾಗಿ ಬಳಿದಿದ್ದೆವು. ಬಂದ ಪಂಚೆಯೂ ಪ್ಯಾಂಟಿನ ಹಾಗೇ ಎರಡು ಕೊಳವೆಯಾಗಿ ಬಂತು! ಪಂಚೆ ಜೀನ್ಸ್‌ಗಿಂತ ಅಗಲ, ಕಾಲುಗಳ ನಡುವಿನ ಜಾಗವನ್ನೂ ಮುಚ್ಚುತ್ತದೆ. ಹೊಸ ಬಟ್ಟೆ ಎಲ್ಲೆಲ್ಲಿ ಬರಬೇಕೋ ಅಲ್ಲೆಲ್ಲ ಮಾಸ್ಕ್ ಇರಬೇಕು. ಹಾಗೆಂದು ಸೊಂಟದ ಸಂದಿಯನ್ನೂ ಸೇರಿಸಿ ಬಳಿದಾಗ ಚಕ್ರದ ಆ ತುಂಡನ್ನು ಮಾಡೆಲ್ ತಾನೇ ಕಲ್ಪಿಸಿ ಬರೆಯಿತು. ಚಕ್ರದ ಮೇಲೆ ಸುತ್ತುಸುತ್ತಾಗಿ ಇರುವ ಕೆತ್ತನೆಯ ಬಳೆಗಳು ಸಂದಿಯ ಒಳಗೆ ನೇರ ಗೆರೆಗಳಾಗಿದ್ದವು. ಇನ್‌ಪೇಂಟಿಂಗ್ ಮಾಡೆಲ್‌ಗೂ ಮುಚ್ಚಿದ ಜಾಗದಲ್ಲಿ ಏನಿತ್ತೆಂದು ಗೊತ್ತಿರುವುದಿಲ್ಲ, ಸುತ್ತಲಿನದನ್ನು ನೋಡಿ ಊಹಿಸುತ್ತದೆ ಅಷ್ಟೆ. ಸಂದಿಯನ್ನು ಮಾಸ್ಕ್‌ನಿಂದ ಹೊರಗಿಟ್ಟ ಮೇಲೆ ಸರಿಹೋಯಿತು.

ಇನ್ನೊಂದು ಎಡವಟ್ಟು ಕಣ್ಣಿಗೆ ಬೇಗ ಬೀಳುವುದಿಲ್ಲ. ಈ ಮಾಡೆಲ್ ಚಿತ್ರವನ್ನು ಉದ್ದಕ್ಕೂ ಅಗಲಕ್ಕೂ 8ರಲ್ಲಿ ಒಂದು ಪಾಲಿಗೆ ಕುಗ್ಗಿಸಿ ಕೆಲಸ ಮಾಡಿ, ಕೊನೆಗೆ ಹಿಗ್ಗಿಸುತ್ತದೆ. ಈ ಕುಗ್ಗಿಸಿ ಹಿಗ್ಗಿಸುವಾಗ ಮಾಸ್ಕ್‌ನ ಹೊರಗಿನ ಸಣ್ಣ ವಿವರಗಳೂ ಸವೆಯುತ್ತವೆ. ದೂರದಿಂದ ತೆಗೆದ ಫೋಟೋದಲ್ಲಿ ಮುಖ ಚಿಕ್ಕದಿದ್ದರೆ ಕಣ್ಣು ಕಲಸಿದಂತಾಗುತ್ತದೆ. ಮಾಸ್ಕ್‌ನ ಹೊರಗೆ ಮೂಲ ಫೋಟೋವನ್ನೇ ಮತ್ತೆ ಅಂಟಿಸುವುದು ಇದಕ್ಕೆ ಮದ್ದು. ಕೆಲವು ಸಾಫ್ಟ್‌ವೇರ್‌ಗಳು ಇದನ್ನು ತಾವೇ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಮಾತಿನಲ್ಲಿ ಹೇಳಿ ಬದಲಾಯಿಸಿಕೊಳ್ಳುವ ಎಷ್ಟೋ ಫೋನ್ ಆ್ಯಪ್‌ಗಳಂತೂ ಮಾಸ್ಕ್ ಗೊಡವೆಗೇ ಹೋಗದೆ ಇಡೀ ಚಿತ್ರವನ್ನು ಹೊಸದಾಗಿ ಬರೆಯುತ್ತವೆ.

ಗೊತ್ತುಮಾಡಿಕೊಳ್ಳುವುದು ಸುಲಭ. ಮೂಲ ಫೋಟೋ ಮತ್ತು ಬದಲಾದ ಫೋಟೋ ಎರಡನ್ನೂ ಗ್ಯಾಲರಿಯಲ್ಲಿ ಅಕ್ಕಪಕ್ಕ ಇಟ್ಟು ಹಿಂದಕ್ಕೂ ಮುಂದಕ್ಕೂ ಬೇಗಬೇಗ ಸರಿಸಿ. ಬಟ್ಟೆಯ ಹೊರಗೆ ಏನಾದರೂ ಮಿಸುಕಿದಂತೆ ಕಂಡರೆ ಅದು ಬದಲಾಗಿದೆ. ಫಾರ್ವರ್ಡ್ ಆಗಿ ಬಂದ ಫೋಟೋಗೆ ಮೂಲ ಸಿಗದು, ಆದರೆ ಹಿನ್ನೆಲೆ ಹಂಪಿಯಂಥ ಜಾಗವಾದರೆ ಕಲ್ಲೇ ಸಾಕ್ಷಿ. ಬಟ್ಟೆಯ ಅಂಚಿಗೆ ತಾಗಿದ ಕಂಬ, ಚಕ್ರ, ಮೆಟ್ಟಿಲುಗಳನ್ನು ದೊಡ್ಡದು ಮಾಡಿ, ಅದೇ ಜಾಗದ ಬೇರೆ ಫೋಟೋಗಳ ಜೊತೆ ಹೋಲಿಸಿ. (50 ರೂಪಾಯಿ ನೋಟಿನ ಹಿಂದೆಯೂ ಈ ರಥವಿದೆ, ಆದರೆ ಹೋಲಿಸಲು ಅದು ತೀರಾ ಚಿಕ್ಕದು.) ಯಾರದೋ ಹೆಣ್ಣುಮಗಳ ಬಟ್ಟೆ ಬದಲಿಸಿದ ಫೋಟೋ ಗುಂಪಿಗೆ ಬಂದರೆ, ಪರೀಕ್ಷೆ ಮಾಡಲೆಂದೂ ಮುಂದಕ್ಕೆ ಕಳಿಸಬೇಡಿ. ದೂರು ಕೊಡಲು cybercrime.gov.in ಇದೆ.

ಇದೇ ಉಪಾಯವನ್ನು ಸಂಡೂರಿನ ಲಂಬಾಣಿ ಕಸೂತಿಗೂ ಬಳಸಬಹುದೇ, ಹೊಸಪೇಟೆಯ ಅಂಗಡಿಯ ಜಾಲತಾಣಕ್ಕೆ ಮಾಡೆಲ್‌ಗಳನ್ನು ಕರೆಸುವ ಖರ್ಚು ಉಳಿಯುತ್ತದಲ್ಲ ಎಂದು ಕೆಲವರು ಕೇಳಿದ್ದಾರೆ. ಪದಗಳಲ್ಲಿ "ಕನ್ನಡಿ, ಕವಡೆ, ಕಸೂತಿ" ಎಂದು ಬರೆದರೆ ಇನ್‌ಪೇಂಟಿಂಗ್ ಮಾಡೆಲ್ ತನ್ನ ಮನಸ್ಸಿಗೆ ತೋಚಿದ ಕನ್ನಡಿ ಕೆಲಸ ಬರೆಯುತ್ತದೆ. ಕನ್ನಡಿಗಳು ಬೆಳ್ಳಿ ಚುಕ್ಕೆಗಳಾಗುತ್ತವೆ, ಹೊಲಿಗೆಗಳು ಒಂದರೊಳಗೊಂದು ಕರಗುತ್ತವೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಇದೆ. ಕೊಳ್ಳುವವರು ದುಡ್ಡು ಕೊಡುವುದು ಆ ಹೊಲಿಗೆಗೇ, ಫೋಟೋದಲ್ಲಿರುವುದು ಯಾರೂ ಹೊಲಿಯದ ಹೊಲಿಗೆ. ನಿಮ್ಮ ಕೈಯಲ್ಲಿರುವ ಬಟ್ಟೆಯ ಫೋಟೋವನ್ನೇ ತೆಗೆದುಕೊಂಡು ಇನ್ನೊಬ್ಬರ ಮೈಮೇಲೆ ತೋರಿಸುವ ಟ್ರೈ-ಆನ್ ಮಾಡೆಲ್‌ಗಳು ಬೇರೆ ಇವೆ, ಅವು ಇದಕ್ಕಿಂತ ಹತ್ತಿರ ಬರುತ್ತವೆ. ಆದರೂ ಉಗುರಿನಷ್ಟು ಕನ್ನಡಿ, ಅದರ ಸುತ್ತಲಿನ ಎಳೆ ಎಳೆ ಹೊಲಿಗೆಗೆ ಬಂದಾಗ ಅವೂ ಸೋಲುತ್ತವೆ. ಅಂಥ ರವಿಕೆಯನ್ನು ನೆರಳಿನಲ್ಲಿ ನಿಂತು ಹತ್ತಿರದಿಂದ ನಿಜವಾಗಿಯೇ ಫೋಟೋ ತೆಗೆಯುವುದು ಒಳ್ಳೆಯದು.