ಹದಿನಾಲ್ಕೋ, ಹದಿನಾರೋ? ಪಿಕಲ್‌ಬಾಲ್ ಪ್ಯಾಡಲ್‌ನ ಒಳಗುಟ್ಟು

ಬೆಂಗಳೂರಿನಲ್ಲಿ ಖಾಲಿ ಸೈಟೋ ಮಾಳಿಗೆಯೋ ಸಿಕ್ಕರೆ ಸಾಕು, ಅಲ್ಲೊಂದು ಪಿಕಲ್‌ಬಾಲ್ ಕೋರ್ಟು ಏಳುತ್ತಿದೆ. ಬಾಡಿಗೆ ಪ್ಯಾಡಲ್ ಹಿಡಿದು ರುಚಿ ಹತ್ತಿಸಿಕೊಂಡವರು ಸ್ವಂತದ್ದೊಂದು ಕೊಳ್ಳಲು ಹೋದರೆ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ: ‘ಪವರ್ ಬೇಕಾ, ಕಂಟ್ರೋಲ್ ಬೇಕಾ?’ ಪವರ್ ಅಂದರೆ 14 ಮಿ.ಮೀ. ದಪ್ಪದ್ದು, ಕಂಟ್ರೋಲ್ ಅಂದರೆ 16 ಮಿ.ಮೀ. ದಪ್ಪದ್ದು ಕೈಗೆ ಬರುತ್ತದೆ. ನೋಡಲು ಎರಡೂ ಒಂದೇ. ಬರೀ ಎರಡು ಮಿಲಿಮೀಟರ್ ಆಟವನ್ನು ಬದಲಿಸುವುದಾದರೂ ಹೇಗೆ?

1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ದ್ವೀಪದಲ್ಲಿ ಈ ಆಟ ಹುಟ್ಟಿದಾಗ ಪ್ಲೈವುಡ್ ಕತ್ತರಿಸಿ ಪ್ಯಾಡಲ್ ಮಾಡಿಕೊಂಡಿದ್ದರು. 1984ರಲ್ಲಿ ಬೋಯಿಂಗ್ ಕಂಪನಿಯ ಎಂಜಿನಿಯರ್ ಆರ್ಲೆನ್ ಪರಾಂಟೊ, ವಿಮಾನಗಳಲ್ಲಿ ಬಳಸುವ ಹಗುರ ಜೇನುಗೂಡು ಹಲಗೆಯಿಂದ ಪ್ಯಾಡಲ್ ತಯಾರಿಸಿದರು. ಇವತ್ತಿನ ಬಹುಪಾಲು ಪ್ಯಾಡಲ್‌ಗಳ ರಚನೆ ಅದೇ. ನಡುವೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಜೇನುಗೂಡು, ಅದೇ ಕೋರ್. ಅದರ ಎರಡೂ ಬದಿಗೆ ಫೈಬರ್‌ಗ್ಲಾಸ್ ಇಲ್ಲವೇ ಕಾರ್ಬನ್ ಫೈಬರ್‌ನ ತೆಳು ಹಾಳೆ ಅಂಟಿಸಿರುತ್ತಾರೆ. 14, 16 ಎನ್ನುವುದು ಈ ಕೋರ್‌ನ ದಪ್ಪ.

ದಪ್ಪ ಕೋರ್ ಮೆತ್ತಗಿರುತ್ತದೆ, ಚೆಂಡಿನ ವೇಗವನ್ನು ನುಂಗುತ್ತದೆ ಎಂದು ಆಟಗಾರರು ಹೇಳುವುದುಂಟು. ಕೈಗೆ ಹಾಗೆ ಅನ್ನಿಸುವುದು ನಿಜ, ಕಾರಣ ಮಾತ್ರ ಬೇರೆ. ಚರಂಡಿಗೆ ಅಡ್ಡ ಹಾಸಿದ ತೆಳು ಹಲಗೆ ತುಳಿದರೆ ಬಾಗಿ ಪುಟಿಯುತ್ತದೆ, ದಪ್ಪನೆಯದು ಅಲ್ಲಾಡುವುದಿಲ್ಲ. ಪ್ಯಾಡಲ್‌ನ ಕತೆಯೂ ಅಷ್ಟೇ. ಹೊರ ಹಾಳೆಗಳು ಒಂದೇ ಆಗಿದ್ದರೆ, ಇಂಥ ಪದರದ ಹಲಗೆಯ ಬಿಗಿತ ಹೆಚ್ಚುಕಡಿಮೆ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. 14ರ ವರ್ಗ 196, 16ರ ವರ್ಗ 256. ಎರಡೇ ಮಿಲಿಮೀಟರ್‌ಗೆ ಬಿಗಿತ ಸುಮಾರು ಶೇ. 30 ಹೆಚ್ಚಿತು.

ಹೊಡೆದ ಕ್ಷಣದಲ್ಲಿ ತೆಳು ಪ್ಯಾಡಲ್‌ನ ಮುಖ ಕೊಂಚ ಒಳಬಾಗಿ, ಮತ್ತೆ ಹೊರಬರುವಾಗ ಚೆಂಡನ್ನು ತಳ್ಳುತ್ತದೆ. ದಪ್ಪನೆಯದು ಬಾಗುವುದು ಕಡಿಮೆ. ಹಾಗಾಗಿ ಪ್ಲಾಸ್ಟಿಕ್ ಚೆಂಡೇ ಹೆಚ್ಚು ಅಮುಕಿಕೊಳ್ಳಬೇಕಾಗುತ್ತದೆ. ಅಮುಕಿದ ಚೆಂಡು ಪಡೆದ ಶಕ್ತಿಯಲ್ಲಿ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ, ಹೊರಡುವ ವೇಗ ತಗ್ಗುತ್ತದೆ.

ಬ್ಯಾಡ್ಮಿಂಟನ್‌ನಿಂದ ಬಂದ ಆಟಗಾರರೊಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೈ ಚುರುಕು, ಹೊಡೆತ ಬಿರುಸು, ಕೊಂಡದ್ದು 13 ಮಿ.ಮೀ. ಪ್ಯಾಡಲ್. ಹಿಂದಿನಿಂದ ಬೀಸುವ ಡ್ರೈವ್‌ಗಳು ಚೆನ್ನಾಗಿಯೇ ಹೋಗುತ್ತವೆ. ತೊಂದರೆ ಶುರುವಾಗುವುದು ನೆಟ್ಟಿನ ಬಳಿ. ನೆಟ್ಟಿನಿಂದ 7 ಅಡಿಯವರೆಗಿನ ಜಾಗಕ್ಕೆ ಕಿಚನ್ ಎನ್ನುತ್ತಾರೆ, ಅಲ್ಲಿ ನಿಂತು ಪುಟಿಯುವ ಮೊದಲೇ ಚೆಂಡನ್ನು ಹೊಡೆಯುವಂತಿಲ್ಲ. ಎದುರಾಳಿ ಬಿರುಸಾಗಿ ಹೊಡೆದ ಚೆಂಡನ್ನು ಪ್ಯಾಡಲ್ ಅಲ್ಲಾಡಿಸದೆ ತಡೆದು, ಅವರ ಕಿಚನ್ನಿಗೆ ಮೆಲ್ಲನೆ ಬೀಳಿಸುವುದು ಇವರ ಗುರಿ. ಆದರೆ ಇಲ್ಲಿ ತೋಳಿಗೆ ಕೆಲಸವೇ ಇಲ್ಲ. ಚೆಂಡು ಎಷ್ಟು ಪುಟಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ಪ್ಯಾಡಲ್ಲೇ ನಿರ್ಧರಿಸುತ್ತದೆ. ಚೆಂಡು ಎದೆಮಟ್ಟಕ್ಕೆ ಎದ್ದು ಎದುರಾಳಿಯ ಸ್ಮ್ಯಾಶ್‌ಗೆ ತುತ್ತಾಗುತ್ತದೆ. ವೇಗವನ್ನು ತೋಳಿನಿಂದಲೇ ತರಬಲ್ಲ ಇಂಥವರಿಗೆ 16 ಮಿ.ಮೀ. ಪ್ಯಾಡಲ್ ಹೆಚ್ಚು ಹೊಂದುತ್ತದೆ. ಸಣ್ಣ ಬೀಸಿನವರಿಗೆ ತೆಳು ಕೋರ್‌ನ ಪುಟಿತ ನೆರವಾದೀತು.

ಇನ್ನು ಮೇಲ್ಮೈ. ಫೈಬರ್‌ಗ್ಲಾಸ್ ಕಾರ್ಬನ್‌ಗಿಂತ ಹೆಚ್ಚು ಬಾಗುವ ವಸ್ತು, ಹಾಗಾಗಿ ಅದು ಚೆಂಡನ್ನು ಹೆಚ್ಚು ಚಿಮ್ಮಿಸುತ್ತದೆ. ಕಾರ್ಬನ್ ಬಿಗಿ. ಈಗ ಜನಪ್ರಿಯವಾಗಿರುವ ‘ರಾ ಕಾರ್ಬನ್’ ಹಾಳೆಯ ಒರಟುತನ ಬರುವುದು ಹೀಗೆ: ರಾಳ ಗಟ್ಟಿಯಾಗುವ ಮೊದಲು ಮೇಲೊಂದು ನೇಯ್ಗೆ ಬಟ್ಟೆ ಒತ್ತಿರುತ್ತಾರೆ, ಗಟ್ಟಿಯಾದ ಮೇಲೆ ಕಿತ್ತು ತೆಗೆಯುತ್ತಾರೆ. ಆ ನೇಯ್ಗೆಯ ಅಚ್ಚು ಅಲ್ಲೇ ಉಳಿಯುತ್ತದೆ. ಅಗ್ಗದ ಪ್ಯಾಡಲ್‌ಗಳಲ್ಲಿ ಇದರ ಬದಲು ಮರಳಿನಂಥ ಪುಡಿ ಬೆರೆಸಿದ ಬಣ್ಣ ಸಿಂಪಡಿಸಿರುತ್ತಾರೆ, ಅದು ಬೇಗ ಸವೆಯುತ್ತದೆ.

ಒರಟುತನ ಚೆಂಡಿಗೆ ವೇಗ ಕೊಡುವುದಿಲ್ಲ, ತಿರುಗು ಕೊಡುತ್ತದೆ. ಮೇಲ್ಮುಖವಾಗಿ ಉಜ್ಜಿ ಟಾಪ್‌ಸ್ಪಿನ್ ಕೊಟ್ಟರೆ ಚೆಂಡು ಬೇಗ ಕೆಳಗಿಳಿಯುತ್ತದೆ. ಹೊರಗೆ ಹೋಗಬೇಕಿದ್ದ ಬಿರುಸಿನ ಹೊಡೆತ ಗೆರೆಯೊಳಗೇ ಬೀಳುತ್ತದೆ. ಅಂದರೆ ಒರಟುತನದಿಂದ ಬರುವ ಪವರ್ ಬಳಸುದಾರಿಯದು: ಧೈರ್ಯವಾಗಿ ಹೊಡೆಯಲು ಬಿಡುತ್ತದೆ, ಅಷ್ಟೇ. ಯುಎಸ್‌ಎ ಪಿಕಲ್‌ಬಾಲ್ ಸಂಸ್ಥೆ ಇದಕ್ಕೂ ಮಿತಿ ಹಾಕಿದೆ. ಮೇಲ್ಮೈಯ ಸರಾಸರಿ ಏರಿಳಿತ 30 ಮೈಕ್ರಾನ್ ದಾಟುವಂತಿಲ್ಲ. ನಿಮ್ಮ ಪ್ಯಾಡಲ್ ಸವೆದಿದೆಯೇ ಎಂದು ತಿಳಿಯಲು ಉಗುರನ್ನು ಮೊದಲು ಮೂಲೆಯಲ್ಲಿ, ಆಮೇಲೆ ನಡುವಿನಲ್ಲಿ ಎಳೆದು ನೋಡಿ. ಮೂಲೆಯಲ್ಲಿ ಕರಕರ ಎಂದು, ನಡುವಿನಲ್ಲಿ ನುಣುಪಾಗಿ ಜಾರಿದರೆ ಸ್ಪಿನ್ ಕಡಿಮೆಯಾಗಿರುವುದಕ್ಕೆ ನಿಮ್ಮ ಕೈ ಹೊಣೆಯಲ್ಲ.

ತೂಕದ ವಿಷಯದಲ್ಲಿ ತಕ್ಕಡಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಹೆಚ್ಚಿನ ಪ್ಯಾಡಲ್‌ಗಳು 210ರಿಂದ 240 ಗ್ರಾಂ ತೂಗುತ್ತವೆ, ಆದರೆ ತೂಕ ಎಲ್ಲಿ ಕೂತಿದೆ ಎನ್ನುವುದು ಮುಖ್ಯ. ಇದಕ್ಕೆ ಸ್ವಿಂಗ್‌ವೇಟ್ ಎಂಬ ಅಳತೆಯಿದೆ. ಸಾಮಾನ್ಯ ಪ್ಯಾಡಲ್‌ಗೆ ಇದು 110ರಿಂದ 120ರ ಆಸುಪಾಸಿನಲ್ಲಿರುತ್ತದೆ. ಅಂಚಿಗೆ ಅಂಟಿಸುವ ಟಂಗ್‌ಸ್ಟನ್ ಪಟ್ಟಿ 6 ಗ್ರಾಂ ತೆಗೆದುಕೊಂಡು ತುದಿಗೆ ಹಚ್ಚಿದರೆ ಆ ಅಂಕಿ ಸುಮಾರು 7 ಏರುತ್ತದೆ. ಹೊಡೆತಕ್ಕೆ ಭಾರ ಬರುತ್ತದೆ, ಆದರೆ ನೆಟ್ಟಿನ ಬಳಿ ಪ್ಯಾಡಲ್ ತಿರುಗಿಸುವಷ್ಟರಲ್ಲಿ ಚೆಂಡು ದಾಟಿ ಹೋಗಿರುತ್ತದೆ. ಅದೇ 6 ಗ್ರಾಮನ್ನು ಹಿಡಿಯ ಬುಡಕ್ಕೆ ಹಾಕಿದರೆ ಬೀಸಿನಲ್ಲಿ ವ್ಯತ್ಯಾಸವೇ ಗೊತ್ತಾಗದು. ಮುಖದ ಎಡ–ಬಲ ಅಂಚುಗಳಿಗೆ ಮೂರು ಮೂರು ಗ್ರಾಂ ಹಂಚಿದರೆ ಬೀಸು ಅಷ್ಟೊಂದು ಭಾರವಾಗುವುದಿಲ್ಲ, ನಡು ತಪ್ಪಿ ಬಿದ್ದ ಚೆಂಡಿಗೂ ಪ್ಯಾಡಲ್ ಕೈಯಲ್ಲಿ ಸುಲಭವಾಗಿ ತಿರುಚಿಕೊಳ್ಳುವುದಿಲ್ಲ. ಹೊಸಬರಿಗೆ ಕಂಟ್ರೋಲ್ ಬೇಕಿದ್ದರೆ ಈ ಜಾಗವೇ ಸರಿ.

ಪ್ಯಾಡಲ್ ಕೆಡುವ ರೀತಿಯೂ ವಿಚಿತ್ರ. ಕ್ರಿಕೆಟ್ ಬ್ಯಾಟ್ ಸೀಳಿದರೆ ಹೊಡೆತ ಸಾಯುತ್ತದೆ, ಇಲ್ಲಿ ಉಲ್ಟಾ. ಜೇನುಗೂಡಿನ ಗೋಡೆಗಳು ಕುಸಿದರೆ ಅಥವಾ ಹಾಳೆ ಕೋರ್‌ನಿಂದ ಬಿಟ್ಟುಕೊಂಡರೆ ಆ ಜಾಗದಲ್ಲಿ ಮುಖ ಸಡಿಲವಾಗಿ ಇನ್ನೂ ಹೆಚ್ಚು ಬಾಗುತ್ತದೆ, ಚೆಂಡು ಇನ್ನೂ ವೇಗವಾಗಿ ಹಾರುತ್ತದೆ. ಬಿಸಿ ಒತ್ತಡದಲ್ಲಿ ಅಚ್ಚು ಹಾಕಿ ಅಂಚಿಗೆ ಫೋಮ್ ತುಂಬಿದ ಪ್ಯಾಡಲ್‌ಗಳು 2023ರ ಹೊತ್ತಿಗೆ ಹರಡಿದಾಗ ಈ ದೂರು ದೊಡ್ಡದಾಯಿತು. 2024ರಲ್ಲಿ ಯುಎಸ್‌ಎ ಪಿಕಲ್‌ಬಾಲ್, ಪ್ಯಾಡಲ್‌ಗೆ ಚೆಂಡು ಹಾರಿಸಿ ಅದು ಮರಳುವ ವೇಗ ಅಳೆಯುವ ಪರೀಕ್ಷೆಯನ್ನೇ ತಂದಿತು. ಬೆರಳ ಗೆಣ್ಣಿನಿಂದ ಮುಖದುದ್ದಕ್ಕೂ ತಟ್ಟುತ್ತಾ ಹೋಗಿ. ಒಂದು ಕಡೆ ಸದ್ದು ಇದ್ದಕ್ಕಿದ್ದಂತೆ ಟೊಳ್ಳಾದರೆ, ಹೆಬ್ಬೆರಳಿಂದ ಒತ್ತಿದಾಗ ಒಳಗೆ ಚಿಟಿಕೆಯಂಥ ಸದ್ದು ಬಂದರೆ ಪ್ಯಾಡಲ್ ಒಳಗೆ ಬಿಟ್ಟಿದೆ ಎಂದೇ ಲೆಕ್ಕ.

ಕೊಳ್ಳುವ ಮೊದಲು ಒಂದೇ ಮಾದರಿಯ 14 ಮತ್ತು 16 ಮಿ.ಮೀ. ಪ್ಯಾಡಲ್‌ಗಳನ್ನು ಗೆಳೆಯರಿಂದ ಪಡೆದು ಆಡಿ ನೋಡುವುದು ಒಳ್ಳೆಯದು. ಮಾದರಿ ಬೇರೆಯಾದರೆ ಹಾಳೆ, ತೂಕ, ಆಕಾರ ಎಲ್ಲವೂ ಬದಲಾಗಿ, ವ್ಯತ್ಯಾಸ ತಂದದ್ದು ಯಾವುದೆಂದು ತಿಳಿಯುವುದಿಲ್ಲ. ಹಾಗೆ ನೋಡುವಾಗ ಡ್ರೈವ್ ಹೊಡೆದು ತೀರ್ಮಾನಿಸಬೇಡಿ, ಅದರಲ್ಲಿ ಯಾವ ಪ್ಯಾಡಲ್ಲೂ ಖುಷಿ ಕೊಡುತ್ತದೆ. ಜೊತೆಯವರಿಗೆ ಬಿರುಸಾಗಿ ಹೊಡೆಯಲು ಹೇಳಿ, ಕಿಚನ್ ಗೆರೆಯ ಹಿಂದೆ ನಿಂತು ಹತ್ತಿಪ್ಪತ್ತು ಚೆಂಡು ತಡೆಯಿರಿ. ಯಾವ ಪ್ಯಾಡಲ್‌ನಿಂದ ಹೆಚ್ಚು ಚೆಂಡುಗಳು ನೆಟ್ಟಿನ ಆಚೆ ತಗ್ಗಿನಲ್ಲೇ ಬೀಳುತ್ತವೋ, ನಿಮ್ಮ ದಪ್ಪ ಅದೇ.